ಕಾಫಿಪುಡಿ ದರ ಏರಿಕೆಯ ಪತ್ರ: ಹಳೇ ಆರ್ಡರಿಗೆ ಯಾವ ದರ?

'ಏಪ್ರಿಲ್ 1ರಿಂದ ಕಾಫಿಪುಡಿಯ ದರವನ್ನು ಪರಿಷ್ಕರಿಸಲಾಗಿದೆ, ಗ್ರಾಹಕರು ಸಹಕರಿಸಬೇಕು.' ಕಾಫಿಪುಡಿ ಮಾಡುವವರು ಹೋಟೆಲುಗಳಿಗೆ, ಏಜೆನ್ಸಿಗಳಿಗೆ ಕಳಿಸುವ ದರ ಏರಿಕೆಯ ಪತ್ರ ಬಹುಪಾಲು ಇಷ್ಟರಲ್ಲೇ ಮುಗಿಯುತ್ತದೆ. ದಿನಾಂಕ ಇದೆ, ವಿಷಯ ಇದೆ, ಓದಿದರೆ ಎಲ್ಲವೂ ಸ್ಪಷ್ಟ ಎನಿಸುತ್ತದೆ. ಆದರೆ ಮಾರ್ಚ್ 28ರಂದು ಆರ್ಡರ್ ಕೊಟ್ಟು, 30ರಂದು ಅರ್ಧ ಹಣ ಹಾಕಿ, ಏಪ್ರಿಲ್ 2ರಂದು ಮಾಲು ಇಳಿಸಿಕೊಂಡ ಹೋಟೆಲಿನವರು ಯಾವ ದರ ಕೊಡಬೇಕು? ಪತ್ರದಲ್ಲಿ ಉತ್ತರವಿಲ್ಲ. ಏಪ್ರಿಲ್ 1ರಿಂದ ಅಂದರೆ ಅಂದಿನಿಂದ ಕೊಟ್ಟ ಆರ್ಡರಿಗೋ, ಅಂದಿನಿಂದ ಹೊರಟ ಮಾಲಿಗೋ, ಅಂದಿನಿಂದ ಹರಿದ ಬಿಲ್ಲಿಗೋ? ಮಾರುವವರು ಬಿಲ್ಲಿನ ದಿನ ಹಿಡಿಯುತ್ತಾರೆ, ಕೊಳ್ಳುವವರು ಆರ್ಡರಿನ ದಿನ ಹಿಡಿಯುತ್ತಾರೆ. ಇಬ್ಬರೂ ತಮ್ಮ ಲೆಕ್ಕದಲ್ಲಿ ಪ್ರಾಮಾಣಿಕರೇ. ಜಗಳ ಹುಟ್ಟುವುದು ಪತ್ರದಲ್ಲಿ ಒಂದು ಪದ ಬಿಟ್ಟುಹೋದದ್ದರಿಂದ.

ಕಾಫಿಪುಡಿಯನ್ನೇ ಇಲ್ಲಿ ಉದಾಹರಣೆಯಾಗಿ ಆರಿಸಿಕೊಳ್ಳಲು ಕಾರಣವಿದೆ. 2023-24ರಲ್ಲಿ ವಿಯೆಟ್ನಾಂನಲ್ಲಿ, 2024ರಲ್ಲಿ ಬ್ರೆಜಿಲ್‌ನಲ್ಲಿ ಬರ ಬಿದ್ದು ಜಗತ್ತಿನ ಕಾಫಿ ದರ ನೆಗೆಯಿತು. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ವಾಯಿದಾ ಮಾರುಕಟ್ಟೆಯಲ್ಲಿ ಅರೇಬಿಕಾ ಒಂದು ಪೌಂಡಿಗೆ 4 ಡಾಲರ್ ದಾಟಿತು. ಮುಂದಿನ ತಿಂಗಳುಗಳಲ್ಲಿ ಇಳಿಯಿತು, ಮತ್ತೆ ಏರಿತು. ಚಿಕ್ಕಮಗಳೂರು, ಕೊಡಗು, ಹಾಸನದ ಬೆಳೆಗಾರರಿಗೆ ಸಿಗುವ ದರವೂ ಆ ಮಾರುಕಟ್ಟೆಯ ಜೊತೆಯಲ್ಲೇ ಏರಿಳಿಯುವುದರಿಂದ, ಬೀಜ ಕೊಂಡು ಹುರಿದು ಪುಡಿ ಮಾರುವವರು ಮೇಲಿಂದ ಮೇಲೆ ಇಂಥ ಪತ್ರ ಬರೆಯಬೇಕಾಯಿತು. ಕೆಳಗಿನ ಲೆಕ್ಕದ ಬೆಲೆಗಳು ವಿಷಯ ತಿಳಿಸಲು ಹಿಡಿದ ಅಂಕಿಗಳು. ಲೆಕ್ಕ ಹಾಕುವ ರೀತಿ ಮಾತ್ರ ವ್ಯಾಪಾರದಲ್ಲಿ ನಡೆಯುವಂಥದೇ.

ಎಷ್ಟು ಏರಿಸಬೇಕು ಎಂಬುದೇ ಕಾರಣದ ಸಾಲು

'ಕಚ್ಚಾ ಮಾಲಿನ ದರ ವಿಪರೀತ ಏರಿದ್ದರಿಂದ' ಎಂಬ ಸಾಲು ಯಾರನ್ನೂ ಒಪ್ಪಿಸುವುದಿಲ್ಲ. ಹೋಟೆಲ್ ನಡೆಸುವವರೂ ಪತ್ರಿಕೆಯಲ್ಲಿ ಕಾಫಿ ದರ ನೋಡುತ್ತಾರೆ. ಅಲ್ಲಿರುವುದು 50 ಕೆಜಿ ಚೀಲದ ದರ, ಅದೂ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಅಥವಾ ಹಣ್ಣನ್ನು ಇಡಿಯಾಗಿ ಒಣಗಿಸಿದ ಚೆರಿಯದು. 50 ಕೆಜಿ ಅರೇಬಿಕಾ ಪಾರ್ಚ್‌ಮೆಂಟ್ ಸಿಪ್ಪೆ ಬಿಡಿಸಿದರೆ ಸುಮಾರು 40 ಕೆಜಿ ಬೀಜ ಉಳಿಯುತ್ತದೆ. ಚೆರಿಯಾದರೆ ತೂಕದ ಅರ್ಧದಷ್ಟೋ ಅದಕ್ಕಿಂತ ತುಸು ಹೆಚ್ಚೋ. ಹೀಗಾಗಿ ಚೀಲದ ದರ ಇಷ್ಟು ಏರಿತು ಎಂದು ಬರೆಯುವುದಕ್ಕಿಂತ, ಹುರಿಯಲು ಸಿದ್ಧವಾದ ಬೀಜ ಕೆಜಿಗೆ ಎಷ್ಟಿತ್ತು, ಈಗ ಎಷ್ಟಾಗಿದೆ ಎಂದು ಬರೆಯುವುದು ಸರಿ.

ಶೇ 80 ಕಾಫಿ, ಶೇ 20 ಚಿಕೋರಿ ಇರುವ ಪುಡಿ ಕೆಜಿಗೆ 620 ರೂಪಾಯಿ, ಜಿಎಸ್‌ಟಿ ಬೇರೆ ಎಂದಿಟ್ಟುಕೊಳ್ಳಿ. ಬೀಜದ ಬೆಲೆ ಕೆಜಿಗೆ 400ರಿಂದ 450ಕ್ಕೆ, ಅಂದರೆ ಶೇ 12.5ರಷ್ಟು ಏರಿದೆ. ಬಹಳ ಜನ ಇಲ್ಲಿಯೇ ತಪ್ಪುತ್ತಾರೆ. ಬೀಜ ಶೇ 12.5 ಏರಿತು, ಪುಡಿಯೂ ಅಷ್ಟೇ ಏರಲಿ ಎಂದು 620ಕ್ಕೆ 77 ರೂಪಾಯಿ 50 ಪೈಸೆ ಸೇರಿಸಿಬಿಡುತ್ತಾರೆ. ಆದರೆ 620ರಲ್ಲಿ ಚಿಕೋರಿ, ಸೌದೆ ಅಥವಾ ಗ್ಯಾಸು, ಕೂಲಿ, ಬಾಡಿಗೆ, ಪ್ಯಾಕಿಂಗ್, ಲಾಭ ಎಲ್ಲವೂ ಸೇರಿವೆ. ಅವು ಯಾವುವೂ ಏರಿಲ್ಲ.

ಸರಿಯಾದ ಲೆಕ್ಕ ಹುರಿಯುವಾಗಿನ ತೂಕನಷ್ಟದಿಂದ ಶುರುವಾಗುತ್ತದೆ. ಹುರಿದಾಗ ಬೀಜದ ತೇವ ಆರಿ, ಹೊಟ್ಟು ಹಾರಿ, ತೂಕ ಶೇ 15ರಿಂದ 18ರಷ್ಟು ಇಳಿಯುತ್ತದೆ. ಶೇ 16 ಹಿಡಿಯೋಣ. ಒಂದು ಕೆಜಿ ಪುಡಿಯಲ್ಲಿರುವ 800 ಗ್ರಾಂ ಹುರಿದ ಕಾಫಿಗೆ 800 ಭಾಗಿಸು 0.84, ಅಂದರೆ 952 ಗ್ರಾಂ ಬೀಜ ಬೇಕು. ಬೀಜ ಕೆಜಿಗೆ 50 ರೂಪಾಯಿ ಏರಿದ್ದರಿಂದ ಪುಡಿಯ ಮೇಲೆ ಬಿದ್ದ ಹೊರೆ 47 ರೂಪಾಯಿ 60 ಪೈಸೆ. ಅದನ್ನು 48 ಮಾಡಿದರೆ ಹೊಸ ದರ 668. ಈ ಮೂರು ವಾಕ್ಯವನ್ನು ಪತ್ರದಲ್ಲಿ ಹಾಗೆಯೇ ಇಟ್ಟರೆ ಚೌಕಾಸಿಯ ಅರ್ಧ ಭಾಗ ಅಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಕೊಳ್ಳುವವರೇ ಕೂತು ಲೆಕ್ಕ ತಾಳೆ ನೋಡಬಹುದು. ಬೀಜದ ಬೆಲೆ ಮತ್ತೆ 400ಕ್ಕೆ ಇಳಿದರೆ ಅದೇ ಲೆಕ್ಕದಲ್ಲಿ ಪುಡಿಯ ದರವನ್ನೂ ಇಳಿಸುತ್ತೇವೆ ಎಂದು ಸೇರಿಸುವ ಧೈರ್ಯವಿರುವವರ ಪತ್ರಕ್ಕೆ ಇನ್ನೂ ಹೆಚ್ಚು ಬೆಲೆ.

ಕಾಫಿಪುಡಿಗೆ ಜಿಎಸ್‌ಟಿ ಶೇ 5. ಆದ್ದರಿಂದ ಗ್ರಾಹಕರ ಕೈಯಿಂದ ಹೋಗುವುದು 651 ಇದ್ದದ್ದು 701 ರೂಪಾಯಿ 40 ಪೈಸೆ ಆಗುತ್ತದೆ. ಪತ್ರದಲ್ಲಿ ಎರಡೂ ಅಂಕಿ ಬೇಕು. ಸಾಮಾನ್ಯ ಹೋಟೆಲುಗಳು ತಮ್ಮ ಗ್ರಾಹಕರಿಂದ ಶೇ 5 ತೆರಿಗೆ ತೆಗೆದುಕೊಳ್ಳುತ್ತವೆ, ಆದರೆ ಕೊಂಡ ಮಾಲಿನ ಮೇಲೆ ಕಟ್ಟಿದ ತೆರಿಗೆಯನ್ನು ವಾಪಸ್ ಹಿಡಿದುಕೊಳ್ಳುವಂತಿಲ್ಲ. ಹಾಗಾಗಿ ಅವರ ನಿಜವಾದ ಖರ್ಚು 701.40. ಒಂದು ಲೋಟಕ್ಕೆ 10 ಗ್ರಾಂ ಪುಡಿ ಹಿಡಿದರೆ ಕೆಜಿಗೆ ನೂರು ಲೋಟ, ಏರಿಕೆ ಲೋಟಕ್ಕೆ ಐವತ್ತು ಪೈಸೆ. ಹೋಟೆಲಿನವರ ಮನಸ್ಸಿಗೆ ನಾಟುವ ಅಂಕಿ ಇದೇ.

ದರ ಏರಿಸದೆ ಮಿಶ್ರಣ ಬದಲಿಸುವ ದಾರಿಯೂ ಒಂದಿದೆ, ಅದನ್ನು ಇಲ್ಲಿ ಹೇಳಲೇಬೇಕು. 80:20 ಇದ್ದದ್ದನ್ನು 70:30 ಮಾಡಿದರೆ ಕೆಜಿಗೆ 119 ಗ್ರಾಂ ಬೀಜ ಉಳಿಯುತ್ತದೆ. 450ರ ದರದಲ್ಲಿ ಅದು ಸುಮಾರು 53 ರೂಪಾಯಿ. ಬದಲಿಗೆ ಸೇರುವ 100 ಗ್ರಾಂ ಚಿಕೋರಿಗೆ 15 ರೂಪಾಯಿ ಹಿಡಿದರೂ ಉಳಿತಾಯ 38ರಷ್ಟು. ಏರಿಕೆಯ ಬಹುಪಾಲು ಹೀಗೆ ಮಾಯವಾಗುತ್ತದೆ. ಆಹಾರ ಸುರಕ್ಷತೆಯ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇ 51 ಕಾಫಿ ಇರಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು. ಅಂದರೆ 70:30ಕ್ಕೆ ಕಾನೂನಿನ ಅಡ್ಡಿಯಿಲ್ಲ. ಹೇಳದೆ ಮಾಡಿದರೆ ಮಾತ್ರ ಮೋಸ. ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಇಳಿದು, ಘಮ ಕಡಿಮೆಯಾಗಿ ಕಹಿ ಮುಂದಾದರೆ ಹೋಟೆಲಿನ ಕಾಫಿ ಮಾಡುವವರಿಗೆ ಎರಡೇ ದಿನದಲ್ಲಿ ಗೊತ್ತಾಗುತ್ತದೆ.

ದರದ ಜೊತೆಗೆ ಪ್ರಮಾಣವೂ ಬದಲಾದಾಗ ಜನ ಹೇಗೆ ಗೊಂದಲಕ್ಕೆ ಬೀಳುತ್ತಾರೆ ಎಂಬುದಕ್ಕೆ ನಂದಿನಿ ಹಾಲಿನ ದರ ಒಳ್ಳೆಯ ಉದಾಹರಣೆ. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಮಿಲೀ ಹೆಚ್ಚಿಸಿ 2 ರೂಪಾಯಿ ಏರಿಸಲಾಯಿತು. 2025ರ ಏಪ್ರಿಲ್ 1ರಿಂದ ಪ್ಯಾಕೆಟ್ಟನ್ನು ಮತ್ತೆ ಅರ್ಧ ಲೀಟರ್, ಒಂದು ಲೀಟರಿಗೆ ಇಳಿಸಿ, ಲೀಟರಿಗೆ 4 ರೂಪಾಯಿ ಏರಿಸಲಾಯಿತು. 1,050 ಮಿಲೀ ನೀಲಿ ಪ್ಯಾಕೆಟ್ 44 ರೂಪಾಯಿ ಇತ್ತು, 1,000 ಮಿಲೀ 46 ಆಯಿತು. ಪ್ಯಾಕೆಟ್ ನೋಡಿದವರು 2 ರೂಪಾಯಿ ಏರಿತು ಎಂದರು, ಲೀಟರಿನ ಲೆಕ್ಕ ಹಾಕಿದವರು 4 ರೂಪಾಯಿ ಎಂದರು. 44ನ್ನು 1.05ರಿಂದ ಭಾಗಿಸಿದರೆ ಸುಮಾರು 42, ಆದ್ದರಿಂದ ಎರಡನೆಯವರದೇ ಸರಿ. ಕಾಫಿಪುಡಿಯಲ್ಲೂ 500 ಗ್ರಾಂ ಪೊಟ್ಟಣ 450 ಗ್ರಾಂ ಆಗುವುದಿದ್ದರೆ ಪತ್ರದಲ್ಲಿ ಹಳೆಯ ಮತ್ತು ಹೊಸ ದರಗಳೆರಡನ್ನೂ ಕೆಜಿ ಲೆಕ್ಕದಲ್ಲೇ ಕೊಡಬೇಕು.

ದಿನಾಂಕವನ್ನು ಯಾವುದಕ್ಕೆ ಕಟ್ಟಬೇಕು

ಈಗ ಮುಖ್ಯ ವಿಷಯಕ್ಕೆ ಬರೋಣ. ಕೊಳ್ಳುವವರ ಆರ್ಡರನ್ನು ಮಾರುವವರು ಒಂದು ದರಕ್ಕೆ ಒಪ್ಪಿಕೊಂಡರೆ ಅದು ಕರಾರು. ವಾಟ್ಸ್‌ಆ್ಯಪ್‌ನಲ್ಲಿ 'ಆಯ್ತು, ಕಳಿಸ್ತೀವಿ' ಎಂದು ಬರೆದಿದ್ದರೂ ಅಷ್ಟೇ. ಕರಾರನ್ನು ಬದಲಿಸಲು ಇಬ್ಬರೂ ಒಪ್ಪಬೇಕು ಎಂಬುದು 1872ರ ಭಾರತೀಯ ಕರಾರು ಕಾಯ್ದೆಯ 62ನೇ ಕಲಮಿನ ತಿರುಳು. ದರ ಏರಿಕೆಯ ಪತ್ರ ಒಬ್ಬರೇ ಬರೆದದ್ದು. ಮುಂದಿನ ಆರ್ಡರುಗಳಿಗೆ ಅದು ಹೊಸ ದರದ ಪ್ರಸ್ತಾಪವಾಗುತ್ತದೆಯೇ ಹೊರತು, ಒಪ್ಪಿಕೊಂಡಾಗಿರುವ ಆರ್ಡರಿನ ದರವನ್ನು ತಾನಾಗಿ ತಿದ್ದಲಾರದು. ಬೀಜ ದುಬಾರಿಯಾಯಿತು ಎಂಬುದು ಮಾರುವವರ ಕಷ್ಟ ನಿಜ, ಆದರೆ ಒಪ್ಪಿದ ದರ ಮುರಿಯಲು ಅಷ್ಟೇ ಸಾಲದು.

ಎಲ್ಲ ಆರ್ಡರುಗಳೂ ಒಂದೇ ಬಗೆಯವಲ್ಲ ಎಂಬುದು ಇದರ ಇನ್ನೊಂದು ಮುಖ. ಕೆಲವು ಆರ್ಡರುಗಳಲ್ಲಿ ದರ ಗೊತ್ತುಪಡಿಸಿರುವುದೇ ಇಲ್ಲ. 'ದಿನಾ ನಾಲ್ಕು ಕೆಜಿ ಹಾಕಿ' ಎಂದು ವರ್ಷಗಳ ಹಿಂದೆ ಹೇಳಿದ ಮಾತಿನ ಮೇಲೆ ಮಾಲು ಹೋಗುತ್ತಿರುತ್ತದೆ. ಇಂಥ ಕಡೆ ಇಬ್ಬರ ನಡುವೆ ಮೊದಲಿನಿಂದ ನಡೆದುಬಂದ ಪದ್ಧತಿಯಿಂದಲೇ ದರ ತೀರ್ಮಾನವಾಗಬಹುದು ಎಂದು 1930ರ ಸರಕುಗಳ ಮಾರಾಟ ಕಾಯ್ದೆಯ 9ನೇ ಕಲಮು ಹೇಳುತ್ತದೆ. ಮಾಲು ತಲುಪಿದ ದಿನದ ದರ ಹಾಕುವುದು ರೂಢಿಯಾಗಿದ್ದರೆ ಅದೇ ಮುಂದುವರಿಯುತ್ತದೆ.

ಮಾರ್ಚ್ 10ರಂದು ಪತ್ರ ಹೋಗಿದೆ, ಏಪ್ರಿಲ್ 1ರಿಂದ 668 ಎನ್ನೋಣ. ನಾಲ್ವರು ಗ್ರಾಹಕರನ್ನು ನೋಡೋಣ.

ಮೊದಲನೆಯವರು ದಿನಕ್ಕೆ ನಾಲ್ಕು ಕೆಜಿ ತೆಗೆದುಕೊಳ್ಳುವ ದರ್ಶಿನಿಯವರು. ಅವಧಿ ಇಲ್ಲ, ದರದ ಭರವಸೆ ಇಲ್ಲ, ವಾರಕ್ಕೊಮ್ಮೆ ಬಿಲ್ಲು. ಪ್ರತಿದಿನದ ಸರಬರಾಜನ್ನೂ ಬೇರೆ ಆರ್ಡರೆಂದೇ ಎಣಿಸಿ, ಏಪ್ರಿಲ್ 1ರಂದು ತಲುಪಿದ ಮಾಲಿನಿಂದ ಹೊಸ ದರ ಹಾಕುವುದು ನ್ಯಾಯ. ತೊಂದರೆ ಬರುವುದು ಬಿಲ್ಲಿನಲ್ಲಿ. ಮಾರ್ಚ್ 29ರಿಂದ ಏಪ್ರಿಲ್ 4ರವರೆಗಿನ ವಾರದ ಬಿಲ್ಲನ್ನು ಕಂಪ್ಯೂಟರಿನಲ್ಲಿ 5ನೇ ತಾರೀಕು ಹಾಕುವಾಗ ಅಲ್ಲಿ ಆಗಲೇ ಹೊಸ ದರ ಕೂತಿರುತ್ತದೆ, 28 ಕೆಜಿಗೂ 668 ಬಿದ್ದುಬಿಡುತ್ತದೆ. ಬಿಲ್ಲನ್ನು ಎರಡು ಸಾಲಾಗಿ ಒಡೆಯಬೇಕು: ಮಾರ್ಚಿನ ಮೂರು ದಿನದ 12 ಕೆಜಿಗೆ 620ರಂತೆ 7,440, ಏಪ್ರಿಲ್‌ನ ನಾಲ್ಕು ದಿನದ 16 ಕೆಜಿಗೆ 668ರಂತೆ 10,688. ಒಟ್ಟು 18,128, ಜಿಎಸ್‌ಟಿ 906.40. ಒಡೆಯದೆ ಹೋದರೆ ತೆರಿಗೆ ಬಿಟ್ಟು 576 ರೂಪಾಯಿ ಹೆಚ್ಚು ಹಾಕಿದಂತಾಗುತ್ತದೆ. ಮೊತ್ತ ಸಣ್ಣದು, ಆದರೆ ಮುಂದಿನ ವರ್ಷದವರೆಗೂ ಪ್ರತಿ ಬಿಲ್ಲನ್ನೂ ಅನುಮಾನದಿಂದ ನೋಡುವಂತೆ ಮಾಡುವುದು ಇಂಥ 576 ರೂಪಾಯಿಯೇ.

ಎರಡನೆಯವರು ಅಡುಗೆ ಕಂಟ್ರಾಕ್ಟರು. ಏಪ್ರಿಲ್ 20ರ ಮದುವೆಗೆ 25 ಕೆಜಿ ಬೇಕೆಂದು ಮಾರ್ಚ್ 5ರಂದೇ ಪೂರ್ತಿ ಹಣ ಕಟ್ಟಿದ್ದಾರೆ. ಮಾಲು ಏಪ್ರಿಲ್‌ನಲ್ಲಿ ಹೋದರೂ ಹಳೇ ದರವೇ. ಇದರಲ್ಲಿ ಚರ್ಚೆಯೇ ಇಲ್ಲ. ಮಾರುವವರು ಮಾಡಬೇಕಾದದ್ದು ಇಷ್ಟೇ: ಆ 25 ಕೆಜಿಗೆ ಬೇಕಾದ ಸುಮಾರು 24 ಕೆಜಿ ಬೀಜವನ್ನು ಬಂದ ಹಣದಲ್ಲಿ ಅಂದೇ ಕೊಂಡು ಬೇರೆ ಇಡುವುದು. ಅಡ್ವಾನ್ಸನ್ನು ದಿನದ ಖರ್ಚಿಗೆ ಬಳಸಿ, ಬೀಜ ಏರಿದ ಮೇಲೆ 'ಸ್ವಲ್ಪ ನೋಡಿ ಕೊಡಿ' ಎನ್ನುವುದು ಈ ವ್ಯಾಪಾರದ ಹಳೆಯ ರೋಗ. ಅರ್ಧ ಅಡ್ವಾನ್ಸ್ ಬಂದಿದ್ದರೂ ದರ ಒಪ್ಪಿ ಆರ್ಡರ್ ಹಿಡಿದಿದ್ದರೆ ಇಡೀ ಆರ್ಡರಿಗೆ ಹಳೇ ದರ ಸಲ್ಲುತ್ತದೆ. 'ಹಣ ಬಂದಷ್ಟಕ್ಕೆ ಮಾತ್ರ' ಎಂಬ ಷರತ್ತು ಬೇಕಿದ್ದರೆ ಅದು ಆರ್ಡರ್ ಹಿಡಿಯುವಾಗಲೇ ಚೀಟಿಯಲ್ಲಿ ಇರಬೇಕಿತ್ತು.

ಮೂರನೆಯವರು ಒಂದು ವಿದ್ಯಾರ್ಥಿನಿಲಯದ ಮೆಸ್ಸಿನವರು. ಜೂನ್ 30ರವರೆಗೆ ತಿಂಗಳಿಗೆ 100 ಕೆಜಿ, ಕೆಜಿಗೆ 620 ಎಂದು ಬರೆದ ಒಪ್ಪಂದವಿದೆ. ಮೂರು ತಿಂಗಳ 300 ಕೆಜಿಯ ಮೇಲೆ ಮಾರುವವರಿಗೆ ಕೆಜಿಗೆ 48ರಂತೆ 14,400 ರೂಪಾಯಿ ಹೊರೆ. ಇದನ್ನು ಪತ್ರ ಬರೆಯುವ ಮುನ್ನವೇ ಲೆಕ್ಕ ಹಾಕಿ ನುಂಗಿಕೊಳ್ಳಬೇಕು, ಇಲ್ಲವೇ ಎದುರು ಕೂತು ಕೇಳಬೇಕು. ಅರ್ಧ ಹೊರೆ ಅವರು ಹೊರಲಿ, ಬದಲಿಗೆ ಒಪ್ಪಂದವನ್ನು ಸೆಪ್ಟೆಂಬರ್‌ವರೆಗೆ ಮುಂದುವರಿಸೋಣ ಎಂದು ಕೇಳಬಹುದು. ಅವರು ಒಪ್ಪಿದರೆ ಅದನ್ನು ಬರೆದುಕೊಳ್ಳಬೇಕು. ಎಲ್ಲರಿಗೂ ಕಳಿಸಿದ ಅದೇ ಪತ್ರವನ್ನು ಇವರಿಗೂ ಕಳಿಸುವುದು ದೊಡ್ಡ ತಪ್ಪು. ಒಪ್ಪಂದ ಮುರಿಯಲು ಹೊರಟಿದ್ದೇವೆ ಎಂದು ನಾವೇ ಬರೆದು ಕೊಟ್ಟಂತಾಗುತ್ತದೆ.

ನಾಲ್ಕನೆಯವರು ತಿಂಗಳಿಗೆ 120 ಕೆಜಿ ಕೊಳ್ಳುವ ಹೋಟೆಲಿನವರು. ಪತ್ರ ತಲುಪಿದ ಮರುದಿನವೇ 400 ಕೆಜಿಗೆ ಆರ್ಡರ್ ಹಾಕಿದ್ದಾರೆ. ಮಾರ್ಚ್ 31ರವರೆಗೆ ಹಳೇ ದರ ಎಂದು ಪತ್ರದಲ್ಲೇ ಇದೆ, ಮಿತಿ ಹೇಳಿಲ್ಲ. ಇಲ್ಲ ಎಂದರೆ ಗ್ರಾಹಕರಿಗೆ ಬೇಸರ, ಕೊಟ್ಟರೆ ಹಳೇ ಬೀಜವೆಲ್ಲ ಒಬ್ಬರಿಗೇ ಹೋಗಿ ಉಳಿದವರಿಗೆ ಮಾರ್ಚಿನಲ್ಲೇ ಕೊರತೆ. ಆದ್ದರಿಂದ ಪತ್ರದಲ್ಲೇ ಮಿತಿ ಬೇಕು: ಹಿಂದಿನ ಮೂರು ತಿಂಗಳ ಸರಾಸರಿಯಷ್ಟು ಮಾಲು ಮಾತ್ರ, ಅದನ್ನೂ ಮಾರ್ಚ್ 31ರೊಳಗೆ ಎತ್ತಿಕೊಳ್ಳಬೇಕು. ಕೊಳ್ಳುವವರ ಹಿತವೂ ಇದರಲ್ಲಿದೆ. ಪುಡಿಯಾದ ಕಾಫಿಯ ಘಮ ವಾರಗಳಲ್ಲೇ ಇಳಿಯುತ್ತದೆ. ಕೆಜಿಗೆ 48 ರೂಪಾಯಿ ಉಳಿಸಲು ಮೂರು ತಿಂಗಳ ಪುಡಿ ತುಂಬಿಟ್ಟವರು ಆಮೇಲೆ ಲೋಟಕ್ಕೆ ಹೆಚ್ಚು ಪುಡಿ ಹಾಕಬೇಕಾಗುತ್ತದೆ.

ದಿನಾಂಕದ ಬಗ್ಗೆ ಇನ್ನೊಂದು ಮಾತು. ಪತ್ರದ ಮೇಲಿನ ತಾರೀಕಲ್ಲ, ಅದು ಗ್ರಾಹಕರ ಗಮನಕ್ಕೆ ಬಂದ ದಿನ ಮುಖ್ಯ. ಕರಾರು ಕಾಯ್ದೆಯ 4ನೇ ಕಲಮಿನ ಪ್ರಕಾರ ಪ್ರಸ್ತಾಪ ತಿಳಿದಂತಾಗುವುದು ಎದುರಿನವರಿಗೆ ಅದು ಗೊತ್ತಾದಾಗ. ಮಾಲು ಇಳಿಸುವ ಹುಡುಗನ ಕೈಲಿ ಕೊಟ್ಟ ಪತ್ರ ಹೋಟೆಲಿನ ಅಡುಗೆಮನೆಯಲ್ಲೇ ಉಳಿದು, ಮಾಲೀಕರಿಗೆ ದರ ಏರಿದ್ದು ಬಿಲ್ಲು ನೋಡಿದಾಗಲೇ ಗೊತ್ತಾಗುವುದುಂಟು. ಹಣ ಕೊಡುವವರ ನಂಬರಿಗೇ ಕಳಿಸಿ, 'ನೋಡಿದೆ' ಎಂಬ ಒಂದು ಪದವನ್ನಾದರೂ ಬರೆಸಿಕೊಳ್ಳುವುದು ಒಳ್ಳೆಯದು.

ಪೊಟ್ಟಣಕ್ಕೆ ಬೇರೆ ನಿಯಮ

ಅಂಗಡಿಗಳಿಗೆ ಹೋಗುವ ಕಾಲು ಕೆಜಿ, ಅರ್ಧ ಕೆಜಿ ಪೊಟ್ಟಣಗಳ ಮೇಲೆ ಗರಿಷ್ಠ ಮಾರಾಟ ಬೆಲೆ ಮುದ್ರಿತವಾಗಿರುತ್ತದೆ. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿ) ನಿಯಮಗಳ ಪ್ರಕಾರ ಆ ಬೆಲೆ ಮೀರಿ ಮಾರುವಂತಿಲ್ಲ. ಏಪ್ರಿಲ್ 1 ಬಂತೆಂದು ಹಳೇ ಪೊಟ್ಟಣದ ಮೇಲೆ ಹೊಸ ಬೆಲೆಯ ಸ್ಟಿಕರ್ ಅಂಟಿಸುವಂತೆಯೂ ಇಲ್ಲ. ಬೆಲೆ ಇಳಿಸಲು ಸ್ಟಿಕರ್ ಹಾಕಬಹುದು, ಆಗಲೂ ಮೂಲ ಬೆಲೆ ಮುಚ್ಚಿಹೋಗಬಾರದು.

ಹೀಗಾಗಿ ಪೊಟ್ಟಣದ ಮಟ್ಟಿಗೆ ಹೊಸ ದರ ಶುರುವಾಗುವುದು ಕ್ಯಾಲೆಂಡರಿನ ದಿನದಿಂದಲ್ಲ, ಹೊಸ ಬೆಲೆ ಮುದ್ರಿಸಿದ ಮೊದಲ ಪೊಟ್ಟಣದಿಂದ. ಏಜೆನ್ಸಿಯವರಿಗೆ ಬರೆಯುವ ಪತ್ರದಲ್ಲಿ ಇದೇ ಮಾತು ಇರಬೇಕು: ಹಳೇ ಬೆಲೆ ಮುದ್ರಿತವಾದ ಮಾಲು ಮುಗಿಯುವವರೆಗೆ ಹಳೇ ದರದಲ್ಲೇ ಬಿಲ್ಲು. ಹಳೇ ಪೊಟ್ಟಣವನ್ನು ಹೊಸ ದರದಲ್ಲಿ ಏಜೆನ್ಸಿಗೆ ಬಿಲ್ಲು ಮಾಡಿದರೆ ಅಂಗಡಿಯವರಿಗೆ ಲಾಭವೇ ಉಳಿಯುವುದಿಲ್ಲ. ಅವರು ಒಂದೋ ಮಾಲು ವಾಪಸ್ ಕಳಿಸುತ್ತಾರೆ, ಇಲ್ಲವೇ ಮುದ್ರಿತ ಬೆಲೆ ಮೀರಿ ಮಾರಿ ಇಲಾಖೆಯ ಕೈಗೆ ಸಿಕ್ಕಿಬೀಳುತ್ತಾರೆ. ಗ್ರಾಹಕರ ಎದುರೇ ಪುಡಿ ಮಾಡಿ ತೂಗಿಕೊಡುವ ಬಿಡಿ ಮಾಲಿಗೆ ಈ ತೊಡಕಿಲ್ಲ. ಅಲ್ಲಿ ಬೋರ್ಡಿನ ಮೇಲಿನ ಅಂದಿನ ದರವೇ ದರ.

ತೆರಿಗೆಯಿಂದ ದರ ಬದಲಾದರೆ

ತೆರಿಗೆ ಬದಲಾಗಿ ಬಂದ ಪರಿಷ್ಕರಣೆಯನ್ನು ಖರ್ಚು ಏರಿ ಬಂದದ್ದರ ಜೊತೆ ಒಂದೇ ಪತ್ರದಲ್ಲಿ ಬೆರೆಸಬಾರದು, ಏಕೆಂದರೆ ಎರಡರಲ್ಲೂ ಹಳೇ ಆರ್ಡರಿನ ಲೆಕ್ಕ ಬೇರೆ ಬೇರೆ. 2025ರ ಸೆಪ್ಟೆಂಬರ್ 22ರಂದು ತುಪ್ಪದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಾಗ ನಂದಿನಿ ತುಪ್ಪ ಲೀಟರಿಗೆ 650ರಿಂದ 610 ಆಯಿತು. 650ನ್ನು 1.12ರಿಂದ ಭಾಗಿಸಿ 1.05ರಿಂದ ಗುಣಿಸಿದರೆ 609 ರೂಪಾಯಿ ಚಿಲ್ಲರೆ ಬರುತ್ತದೆ. ಯಾರು ಬೇಕಾದರೂ ತಾಳೆ ನೋಡಬಹುದಾದ ಕಾರಣ ಎಂದರೆ ಇದು.

ಖರ್ಚಿನ ಏರಿಕೆಯಲ್ಲಿ ದಿನಾಂಕವನ್ನು ಇಬ್ಬರೂ ಕೂಡಿ ಗೊತ್ತುಮಾಡಿಕೊಳ್ಳಬಹುದು. ತೆರಿಗೆಯಲ್ಲಿ ಅದನ್ನು ಕಾನೂನೇ ಗೊತ್ತುಮಾಡುತ್ತದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 14ನೇ ಕಲಮು ಮೂರು ಸಂಗತಿ ನೋಡುತ್ತದೆ: ಮಾಲು ಕೊಟ್ಟದ್ದು, ಬಿಲ್ಲು ಹರಿದದ್ದು, ಹಣ ಬಂದದ್ದು. ಈ ಮೂರರಲ್ಲಿ ಎರಡು ಬದಲಾವಣೆಗೆ ಮೊದಲೇ ಆಗಿದ್ದರೆ ಹಳೇ ತೆರಿಗೆ, ಎರಡು ಆಮೇಲೆ ಆಗಿದ್ದರೆ ಹೊಸ ತೆರಿಗೆ ಎಂದು ನೆನಪಿಟ್ಟುಕೊಂಡರೆ ಸಾಕು. ಆರ್ಡರ್ ಕೊಟ್ಟ ದಿನಕ್ಕೆ ಇಲ್ಲಿ ಬೆಲೆಯೇ ಇಲ್ಲ.

ಪತ್ರ ಹೀಗಿದ್ದರೆ ಸಾಕು

ಇಷ್ಟೆಲ್ಲ ಸೇರಿದರೂ ಪತ್ರ ಒಂದು ಪುಟ ದಾಟುವುದಿಲ್ಲ. ಹೋಟೆಲುಗಳಿಗೆ ಕಳಿಸುವ ಪತ್ರದ ಮಾದರಿ ಹೀಗೆ:

> ಮಾನ್ಯ ಗ್ರಾಹಕರೇ,
>
> 80:20 ಕಾಫಿಪುಡಿಯ ದರ ಕೆಜಿಗೆ 620 ರೂಪಾಯಿಯಿಂದ 668 ರೂಪಾಯಿ ಆಗಲಿದೆ (ಶೇ 5 ಜಿಎಸ್‌ಟಿ ಸೇರಿ 651 ಇದ್ದದ್ದು 701.40). ಮಿಶ್ರಣದ ಪ್ರಮಾಣದಲ್ಲಿ ಬದಲಾವಣೆ ಇಲ್ಲ.
>
> ಏಪ್ರಿಲ್ 1ರಂದು ಹಾಗೂ ಆನಂತರ ನಿಮ್ಮಲ್ಲಿಗೆ ತಲುಪುವ ಮಾಲಿಗೆ ಹೊಸ ದರ ಅನ್ವಯಿಸುತ್ತದೆ. ಮಾರ್ಚ್ 31ರವರೆಗೆ ತಲುಪಿದ ಮಾಲಿಗೆ, ಬಿಲ್ಲು ಆಮೇಲೆ ಬಂದರೂ, ಹಳೇ ದರ.
>
> ಕಾರಣ: ಹುರಿಯುವ ಬೀಜ ಕೆಜಿಗೆ 400ರಿಂದ 450 ಆಗಿದೆ. ಒಂದು ಕೆಜಿ ಪುಡಿಗೆ 952 ಗ್ರಾಂ ಬೀಜ ಬೇಕಾಗುವುದರಿಂದ ಏರಿಕೆ 48 ರೂಪಾಯಿ. ಬೇರೆ ಯಾವ ಖರ್ಚನ್ನೂ ಸೇರಿಸಿಲ್ಲ.
>
> ಮಾರ್ಚ್ 10ಕ್ಕೆ ಮೊದಲು ನಾವು ದರ ಒಪ್ಪಿಕೊಂಡ ಆರ್ಡರುಗಳಿಗೆ, ಮಾಲು ಯಾವಾಗ ಹೋದರೂ, ಒಪ್ಪಿದ ದರವೇ ಇರುತ್ತದೆ. ಆ ದಿನದ ನಂತರದ ಆರ್ಡರುಗಳಲ್ಲಿ, ನಿಮ್ಮ ಕಳೆದ ಮೂರು ತಿಂಗಳ ಸರಾಸರಿಯಷ್ಟನ್ನು ಮಾರ್ಚ್ 31ರೊಳಗೆ ಹಳೇ ದರದಲ್ಲಿ ಪಡೆಯಬಹುದು.
>
> ಹೊಸ ದರ ಬೇಡವೆನಿಸಿದರೆ ಮಾರ್ಚ್ 25ರೊಳಗೆ ತಿಳಿಸಿ. ಬಾಕಿ ಅಡ್ವಾನ್ಸನ್ನು ಪೂರ್ತಿ ಹಿಂತಿರುಗಿಸುತ್ತೇವೆ.

'ತಲುಪುವ ಮಾಲಿಗೆ' ಎಂಬ ಎರಡು ಪದವೇ ಈ ಪತ್ರದ ಬೆನ್ನೆಲುಬು. ದೂರದ ಊರಿಗೆ ಲಾರಿಯಲ್ಲಿ ಕಳಿಸುವವರು ಅದನ್ನು 'ನಮ್ಮಲ್ಲಿಂದ ಹೊರಡುವ ಮಾಲಿಗೆ' ಎಂದು ಬದಲಿಸಿಕೊಳ್ಳಬೇಕು. ಇಲ್ಲದಿದ್ದರೆ ಮಾರ್ಚ್ 30ರಂದು ಹೊರಟು ಲಾರಿ ಕೆಟ್ಟು ಏಪ್ರಿಲ್ 2ಕ್ಕೆ ಮುಟ್ಟಿದ ಮಾಲಿಗೆ, ಸಾಗಣೆಯ ತಪ್ಪಿನಿಂದಾಗಿ ಗ್ರಾಹಕರು ಹೆಚ್ಚು ಹಣ ತೆರಬೇಕಾಗುತ್ತದೆ.

ಏಪ್ರಿಲ್ ಮೊದಲ ವಾರದ ಕೆಲಸ ಒಂದು ಉಳಿಯುತ್ತದೆ. ಹಳೇ ದರ ಸಲ್ಲಬೇಕಾದ ಆರ್ಡರುಗಳ ಪಟ್ಟಿಯನ್ನು ಮಾರ್ಚ್ 31ರ ಸಂಜೆಯೇ ಮಾಡಿ, ಪ್ರತಿಯೊಂದರ ಆರ್ಡರ್ ನಂಬರು, ಉಳಿದ ಕೆಜಿ, ಬಂದ ಅಡ್ವಾನ್ಸ್ ಬರೆದು ಬಿಲ್ಲು ಹಾಕುವವರ ಕೈಗೆ ಕೊಡಬೇಕು. ಹಳೇ ದರದ ಬಿಲ್ಲಿನ ಮೇಲೆ ಆ ಆರ್ಡರ್ ನಂಬರನ್ನೂ ಒಪ್ಪಿದ ತಾರೀಕನ್ನೂ ನಮೂದಿಸಬೇಕು. ಒಂದೇ ದಿನ ಇಬ್ಬರಿಗೆ ಎರಡು ದರ ಏಕೆ ಬಿತ್ತು ಎಂದು ವರ್ಷದ ಕೊನೆಗೆ ಆಡಿಟರು ಕೇಳಿದಾಗ ತೋರಿಸಲು ಅದು ಬೇಕಾಗುತ್ತದೆ.